ಪೌಚ್ ಪ್ರಿಂಟ್ ಮಾಡಿಸುವವರೇ, ವಾಟ್ಸಾಪ್ 'ಓಕೆ' ನಂಬಿ ಸಿಲಿಂಡರ್ ಮಾಡಿಸಬೇಡಿ

ಶೇಂಗಾ ಚಟ್ನಿಪುಡಿ ಮಾರುವ ಒಂದು ಸಣ್ಣ ಘಟಕಕ್ಕೆ ಆದ ನಷ್ಟವಿದು. 200 ಗ್ರಾಂ ಜಿಪ್ ಪೌಚ್, 6 ಬಣ್ಣ, ಬಣ್ಣಕ್ಕೊಂದು ಸಿಲಿಂಡರ್ ಕೆತ್ತಿಸಿ ಮಾಡುವ ಗ್ರೇವ್ಯೂರ್ ಪ್ರಿಂಟಿಂಗ್, 300 ಕೆಜಿ ಆರ್ಡರ್. ಮಾಲು ಬಂದಾಗ 'ಚಟ್ನಿ'ಯ ಒತ್ತಕ್ಷರ ಮುರಿದು ಪಕ್ಕಕ್ಕೆ ಕೂತಿತ್ತು, ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರಿನಲ್ಲಿ 14 ಅಂಕಿಗಳ ಬದಲು 13 ಇದ್ದವು. ಲೆಕ್ಕ ಹಾಕಿದ್ದಕ್ಕಿಂತ 6 ಸಾವಿರಕ್ಕೂ ಹೆಚ್ಚು ಪೌಚ್ ಕಡಿಮೆ ಬೇರೆ. 'ನೀವೇ ಓಕೆ ಅಂದಿದ್ದೀರಲ್ಲ' ಎಂದ ಪ್ರಿಂಟರ್ ಹಣ ವಾಪಸ್ ಕೊಡಲಿಲ್ಲ.

ಮೊದಲು ಪೌಚ್ ಕಡಿಮೆ ಬಂದ ವಿಷಯ. ಕೊಟೇಶನ್ ಒಂದೇ ಸಾಲಿನದು: ಕೆಜಿಗೆ ಇಷ್ಟು, ಸಿಲಿಂಡರ್ ಬೇರೆ. ಫಿಲ್ಮ್ ಎಷ್ಟು ದಪ್ಪ ಎಂಬುದೇ ಅದರಲ್ಲಿರಲಿಲ್ಲ. ಪೌಚ್ ಅಗಲ 150 ಮಿಮೀ, ಎತ್ತರ 230, ತಳದ ಮಡಿಕೆಗೆ 80. ಅಂದರೆ ಮುಂದೆ, ಹಿಂದೆ, ತಳ ಎಲ್ಲ ಸೇರಿ ಒಂದು ಪೌಚಿಗೆ 0.081 ಚದರ ಮೀಟರ್ ಫಿಲ್ಮ್ ಬೇಕು. 12 ಮೈಕ್ರಾನ್ ಪೆಟ್, 12 ಮೈಕ್ರಾನ್ ಮೆಟಲೈಸ್ಡ್ ಪೆಟ್, ಒಳಗೆ 75 ಮೈಕ್ರಾನ್ ಪಾಲಿ ಹಾಕಿದರೆ, ಇಂಕು ಮತ್ತು ಅಂಟು ಸೇರಿ ಚದರ ಮೀಟರಿಗೆ ಸುಮಾರು 108 ಗ್ರಾಂ. ಜಿಪ್ ಬಿಟ್ಟು ಒಂದು ಪೌಚು 8.7 ಗ್ರಾಂ ತೂಗುತ್ತದೆ, ಕೆಜಿಗೆ 115 ಬರುತ್ತವೆ. ಇವರಿಗೆ ಬಂದದ್ದು 100 ಮೈಕ್ರಾನ್ ಪಾಲಿ. ಪೌಚಿನ ತೂಕ 10.6 ಗ್ರಾಂಗೆ ಏರಿ, ಕೆಜಿಗೆ 94ಕ್ಕೆ ಇಳಿಯಿತು. ಕೆಜಿ ದರ ಒಂದೇ, ಪೌಚಿನ ದರ ಮಾತ್ರ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಆಯಿತು. ಪೀಸ್ ಲೆಕ್ಕದಲ್ಲಿ ದರ ಮಾತಾಡಿದ್ದರೆ ಇದೇ ಆಟ ಉಲ್ಟಾ ನಡೆಯುತ್ತದೆ, ಫಿಲ್ಮ್ ತೆಳ್ಳಗಾಗುತ್ತದೆ. ಹಾಗಾಗಿ ಕೊಟೇಶನ್ ಕೇಳುವಾಗಲೇ ಪೌಚಿನ ಅಳತೆ, ಪ್ರತಿ ಪದರದ ಮೈಕ್ರಾನ್, ಕೆಜಿಗೆ ಎಷ್ಟು ಪೀಸ್, ಪ್ರಮಾಣದಲ್ಲಿ ಎಷ್ಟು ಶೇಕಡಾ ಹೆಚ್ಚುಕಮ್ಮಿ ಒಪ್ಪಿಗೆ, ಜಿಎಸ್‌ಟಿ ಮತ್ತು ಸಾಗಣೆ ಸೇರಿದೆಯೋ ಇಲ್ಲವೋ, ಇಷ್ಟನ್ನೂ ಬರೆಸಿಕೊಳ್ಳಿ. ಮಾಲು ಬಂದ ದಿನ 100 ಪೌಚ್ ತೂಗಿ ನೋಡಿ.

ಇನ್ನು ಅಕ್ಷರದ ತಪ್ಪು. ಡಿಸೈನರ್ ಕಳಿಸಿದ ಫೈಲಿನಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಆದರೆ ಅಕ್ಷರಗಳನ್ನು ಕರ್ವ್ ಮಾಡಿರಲಿಲ್ಲ, ಅಂದರೆ ಫಾಂಟ್ ಇಲ್ಲದೆಯೂ ಹಾಗೇ ಕಾಣುವ ಚಿತ್ರರೇಖೆಗಳಾಗಿ ಬದಲಿಸಿರಲಿಲ್ಲ. ಪ್ರಿಂಟರ್ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದೆ ಕನ್ನಡ ಚೆಲ್ಲಾಪಿಲ್ಲಿಯಾಯಿತು, ಆಪರೇಟರ್ ತನಗೆ ತೋಚಿದಂತೆ ಮತ್ತೆ ಟೈಪ್ ಮಾಡಿದ. ಗ್ರಾಹಕರು ಫೋನಿನಲ್ಲಿ ನೋಡಿ ಓಕೆ ಅಂದದ್ದು ಡಿಸೈನರ್‌ನ ಜೆಪಿಜಿಗೆ, ಸಿಲಿಂಡರ್ ಕೆತ್ತಿದ್ದು ಆಪರೇಟರ್ ತಿದ್ದಿದ ಫೈಲಿನಿಂದ. ಎರಡೂ ಒಂದೇ ಅಂತ ಎಲ್ಲರೂ ಅಂದುಕೊಂಡಿದ್ದರು. ಹಳೆಯ ನುಡಿ ಫಾಂಟುಗಳಲ್ಲಿ ಈ ಕಾಟ ಇನ್ನೂ ಹೆಚ್ಚು, ಫಾಂಟ್ ಇಲ್ಲದ ಕಡೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳೇ ಕಾಣುತ್ತವೆ. ಕೋರೆಲ್‌ಡ್ರಾದಲ್ಲಿ `Ctrl+Q` ಒತ್ತಿ ಕರ್ವ್ ಮಾಡಿಸಿದ ಮೇಲೆಯೇ ಫೈಲ್ ಕಳಿಸಿ.

ಒಪ್ಪಿಗೆಯ ಕ್ರಮ ಹೀಗಿರಲಿ. ಮೊದಲು ಪ್ರಿಂಟರ್‌ನಿಂದ ಕೀಲೈನ್, ಅಂದರೆ ಪೌಚಿನ ಅಳತೆಯ ನಕ್ಷೆ ತರಿಸಿ, ಸೀಲ್ ಪಟ್ಟಿ, ಜಿಪ್, ತಳದ ಮಡಿಕೆ ಎಲ್ಲೆಲ್ಲಿ ಬರುತ್ತವೆ ಎಂದು ತಿಳಿದ ಮೇಲೆ ಡಿಸೈನ್ ಶುರುವಾಗಲಿ. ಕೆತ್ತನೆಗೆ ಹೋಗುವ ಅದೇ ಫೈಲಿನ ಪಿಡಿಎಫ್ ಪ್ರಿಂಟರ್ ಕಡೆಯಿಂದ ವಾಪಸ್ ಬರಬೇಕು, ಅದಕ್ಕೊಂದು ವರ್ಷನ್ ನಂಬರ್ ಇರಬೇಕು. ಅದನ್ನು ನಿಜ ಅಳತೆಯಲ್ಲಿ ಪ್ರಿಂಟ್ ತೆಗೆದು, ಇಬ್ಬರು ಕೂತು ಒಬ್ಬರು ಓದಿ ಒಬ್ಬರು ನೋಡಿ, ನಂಬರುಗಳನ್ನು ಅಂಕಿ ಅಂಕಿ ಹೋಲಿಸಿ. ಆಮೇಲೆ ಸಹಿ. 'ಸಹಿಯಾದ ವರ್ಷನ್‌ಗಿಂತ ಬೇರೆ ಪ್ರಿಂಟ್ ಆದರೆ ಖರ್ಚು ಪ್ರಿಂಟರ್‌ನದು' ಎಂಬ ಸಾಲು ಪರ್ಚೇಸ್ ಆರ್ಡರಿನಲ್ಲೇ ಇರಲಿ.

ಪೇಪರ್ ಪ್ರಿಂಟ್ ನೋಡಿ ಅಕ್ಷರಕ್ಕೆ ಒಪ್ಪಿಗೆ ಕೊಡಿ, ಬಣ್ಣಕ್ಕೆ ಕೊಡಬೇಡಿ. ಮೆಟಲೈಸ್ಡ್ ಫಿಲ್ಮ್ ಹಿಂದಿರುವ ಪೌಚಿನಲ್ಲಿ ಬಿಳಿ ಇಂಕಿನ ಆಸರೆ ಇಲ್ಲದ ಕಡೆ ಬಣ್ಣ ಮಂಕಾಗುತ್ತದೆ, ಬಾರ್‌ಕೋಡ್ ಸ್ಕ್ಯಾನ್ ಆಗದೆ ಕೈಕೊಡುತ್ತದೆ. ಸಿಲಿಂಡರ್ ಪ್ರೂಫನ್ನು ಅದೇ ಫಿಲ್ಮಿನ ಮೇಲೆ ಕೇಳಿ, ಬಾರ್‌ಕೋಡನ್ನು ಅಂಗಡಿಯ ಸ್ಕ್ಯಾನರ್‌ನಲ್ಲೇ ಪರೀಕ್ಷಿಸಿ. ಮೆಷಿನ್ ಶುರುವಾದಾಗ ತಿಳಿ, ಸರಿ, ಗಾಢ ಎಂದು ಮೂರು ಶೇಡ್ ತುಂಡುಗಳಿಗೆ ಸಹಿ ಹಾಕಿ ಒಂದು ಸೆಟ್ ಇಟ್ಟುಕೊಳ್ಳಿ. ಆಮೇಲಿನ ಜಗಳಕ್ಕೆ ಅಳತೆಗೋಲು ಅದೇ.

ಈ ಘಟಕದವರಿಗೆ ತಿದ್ದುಪಡಿಯೂ ದುಬಾರಿಯಾಯಿತು. ಲೈಸೆನ್ಸ್ ನಂಬರ್, ವಿಳಾಸ ಎಲ್ಲ ಕೆಂಪು ಪಟ್ಟಿಯ ಮೇಲೆ ಬಿಳಿ ಅಕ್ಷರದಲ್ಲಿದ್ದವು. ಆ ಕೆಂಪು ಬರುವುದು ಮೆಜೆಂಟಾ ಮತ್ತು ಹಳದಿ ಸೇರಿ, ಹಾಗಾಗಿ ಎರಡು ಸಿಲಿಂಡರ್ ಹೊಸದಾಗಿ ಕೆತ್ತಿಸಬೇಕಾಯಿತು. ಕಾನೂನಿನ ಪ್ರಕಾರ ಬೇಕಾದ ವಿವರವೆಲ್ಲ ಬಿಳಿ ಹಿನ್ನೆಲೆಯಲ್ಲಿ ಬರೀ ಕಪ್ಪಿನಲ್ಲಿದ್ದರೆ, ನಾಳೆ ವಿಳಾಸ ಬದಲಾದರೂ ಕಪ್ಪು ಸಿಲಿಂಡರ್ ಒಂದೇ ಬದಲಾಗುತ್ತದೆ. ಎಂಆರ್‌ಪಿ, ಬ್ಯಾಚ್, ತಯಾರಿಕೆಯ ದಿನಾಂಕವನ್ನಂತೂ ಸಿಲಿಂಡರಿಗೆ ಹಾಕಲೇಬೇಡಿ, ಇಂಕ್‌ಜೆಟ್‌ಗೆ ಖಾಲಿ ಜಾಗ ಬಿಡಿಸಿ. ಸಿಲಿಂಡರಿಗೆ ದುಡ್ಡು ಕೊಡುವವರು ನೀವು, ಆದರೆ ಅದು ಇರುವುದು ಪ್ರಿಂಟರ್ ಗೋಡೌನಿನಲ್ಲಿ. ಎಷ್ಟು ವರ್ಷ ಇಡುತ್ತಾರೆ, ಬೇರೆ ಪ್ರಿಂಟರ್‌ಗೆ ಒಯ್ಯಲು ಕೊಡುತ್ತಾರೋ ಎಂಬುದನ್ನು ಅಡ್ವಾನ್ಸ್ ಕೊಡುವ ಮೊದಲೇ ಬರೆಸಿಕೊಳ್ಳಿ.