ಒಂದೇ ದೊಡ್ಡ ಪ್ರಶ್ನೆಯಾ, ಕೊಂಡಿ ಪ್ರಶ್ನೆಗಳಾ? ಹತ್ತು ನಿಮಿಷದ ಸ್ಕ್ರಿಪ್ಟಿನಲ್ಲಿ ಮಾಡಿ ನೋಡಿದ ಹೋಲಿಕೆ

ಹತ್ತು ನಿಮಿಷದ ವಿಡಿಯೋ ಮಾಡುವವರೆಲ್ಲ ಮೊದಲ ಅರ್ಧ ನಿಮಿಷದ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಆದರೆ ಜನ ಎದ್ದು ಹೋಗುವ ಜಾಗ ನಡುವೆಯೂ ಇದೆ. ಒಂದು ಭಾಗ ಮುಗಿದು ಇನ್ನೊಂದು ಶುರುವಾಗುವ ಹೊತ್ತು ಅದು. ಅಲ್ಲಿ ಹಿಡಿದಿಡಲು ಮೂರು ದಾರಿಗಳನ್ನು ಬೇರೆ ಬೇರೆ ವಿಡಿಯೋಗಳಲ್ಲಿ ಬಳಸಿದ್ದೇನೆ. ವಿಷಯ ಬದಲಾದರೆ ಹೋಲಿಕೆ ಸರಿಯಾಗಿ ಸಿಗುವುದಿಲ್ಲ, ಅಲ್ವಾ? ಅದಕ್ಕೇ ಒಂದೇ ಸ್ಕ್ರಿಪ್ಟನ್ನು ಮೂರು ಬಗೆಯಲ್ಲಿ ಬರೆದು ಕುಮಟಾ, ಶಿರಸಿಯ ಗೆಳೆಯರಿಗೆ ಓದಿ ಹೇಳಿದೆ. ವಿಷಯ ನಮ್ಮ ಕಡೆಯದೇ: ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತ ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿ.

ಮೊದಲನೆಯದು ಒಂದೇ ದೊಡ್ಡ ಓಪನ್ ಲೂಪ್, ಅಂದರೆ ಉತ್ತರ ಕೊಡದೆ ತೆರೆದಿಟ್ಟ ಪ್ರಶ್ನೆ. ಶುರುವಿನಲ್ಲೇ ಪ್ರಶ್ನೆ ಇಟ್ಟೆ: "1552ರಿಂದ 1606ರವರೆಗೆ ಆಳಿದ ರಾಣಿ. ಅವಳ ಮೆಣಸಿನ ಮೇಲೆ ಪೋರ್ಚುಗೀಸರ ಕಣ್ಣಿತ್ತು. ಆದರೆ ಕೊನೆಗೆ ರಾಜ್ಯ ಹೋದದ್ದು ಅವರ ಕೈಗಲ್ಲ. ಮತ್ತೆ ಯಾರ ಕೈಗೆ?" ಉತ್ತರ ಎಂಟನೇ ನಿಮಿಷದಲ್ಲಿ: ಕೆಳದಿಯ ವೆಂಕಟಪ್ಪ ನಾಯಕ. ಪ್ರಶ್ನೆ ಗಟ್ಟಿಯಾಗಿದೆ, ಕೇಳುವವರು ಮುಂದಕ್ಕೆ ಬಾಗುತ್ತಾರೆ. ತೊಂದರೆ ನಾಲ್ಕನೇ ನಿಮಿಷದಲ್ಲಿ. ಕುಮಟಾದ ಗೆಳೆಯ ಅಲ್ಲಿಗೆ ತಡೆದು, "ಅದೆಲ್ಲ ಇರ್ಲಿ ಮಾರಾಯ, ಯಾರು ಗೆದ್ದದ್ದು ಅಂತ ಮೊದ್ಲು ಹೇಳು" ಅಂದ. ಇಂಥ ವಿಡಿಯೋದಲ್ಲಿ ಯಾವ ಕ್ಷಣಕ್ಕೆ ಎಷ್ಟು ಜನ ನೋಡುತ್ತಿದ್ದಾರೆ ಅಂತ ತೋರಿಸುವ ರಿಟೆನ್ಷನ್ ಗ್ರಾಫಿನಲ್ಲಿ ಇದೇ ಕಾಣುತ್ತದೆ: ನಡುವೆ ಗೆರೆ ಇಳಿದು, ಉತ್ತರ ಇರುವ ಜಾಗದಲ್ಲಿ ಮತ್ತೆ ಉಬ್ಬುತ್ತದೆ. ಜನ ನಡುವಿನದನ್ನು ಹಾರಿಸಿ ಉತ್ತರಕ್ಕೆ ಹೋಗಿದ್ದಾರೆ ಅಂತ ಅರ್ಥ.

ಎರಡನೆಯದು ಎರಡೆರಡು ನಿಮಿಷಕ್ಕೊಂದು ರೀ-ಹುಕ್. "ಮುಂದೆ ಬರುವುದು ಇನ್ನೂ ರೋಚಕ", "ಅಸಲಿ ಕತೆ ಈಗ ಶುರು" ಅನ್ನುವ ಸಾಲುಗಳು. ಬರೆಯಲು ಸುಲಭ, ಆದರೆ ನನಗೆ ಇದು ಸುತರಾಂ ಬೇಡ. ಆ ಸಾಲನ್ನು ಯಾವ ವಿಡಿಯೋಗೆ ಬೇಕಾದರೂ ಅಂಟಿಸಬಹುದು. ಕೇಳುವವರಿಗೆ ಅದರಿಂದ ಹೊಸದೇನೂ ಸಿಗುವುದಿಲ್ಲ.

ಮೂರನೆಯದು ಕೊಂಡಿ ಪ್ರಶ್ನೆ: ಒಂದು ಪ್ರಶ್ನೆಗೆ ಸಿಕ್ಕ ಉತ್ತರವೇ ಮುಂದಿನ ಪ್ರಶ್ನೆಯನ್ನು ಹುಟ್ಟಿಸಬೇಕು. ಮೊದಲ ಭಾಗದಲ್ಲಿ ಮೆಣಸಿಗೆ ಯಾಕಷ್ಟು ಬೆಲೆ ಅಂತ ಹೇಳಿ ಮುಗಿಸಿದೆ. ಹಳೆಯ ಕರಡಿನಲ್ಲಿ ಅದರ ನಂತರ ಹೀಗಿತ್ತು: "ಈಗ ಮಿರ್ಜಾನ್ ಕೋಟೆಯ ಬಗ್ಗೆ ತಿಳಿಯೋಣ." ಯಾಕೆ ತಿಳಿಯಬೇಕು ಅಂತಲೇ ಇಲ್ಲ. ಅದನ್ನು ತೆಗೆದು ಹೀಗೆ ಬರೆದೆ: "ಮೆಣಸು ಬೆಳೆದದ್ದು ಘಟ್ಟದ ಕಾಡಿನಲ್ಲಿ, ಹಡಗು ನಿಂತದ್ದು ಕಡಲಲ್ಲಿ. ನಡುವಿನ ಆ ದಾರಿಯನ್ನು ಯಾರು ಕಾಯುತ್ತಿದ್ದರು?" ಈಗ ಅಘನಾಶಿನಿ ಹೊಳೆಯೂ ಅದರ ದಡದ ಮಿರ್ಜಾನ್ ಕೋಟೆಯೂ ಉತ್ತರವಾಗಿ ಬರುತ್ತವೆ. ಮಾಹಿತಿ ಅದೇ, ಆದರೆ ಕೇಳುವವರು ಅದಕ್ಕಾಗಿ ಕಾದಿರುತ್ತಾರೆ. ಕೋಟೆಯ ಭಾಗ ಮುಗಿದಾಗ ಮತ್ತೊಂದು: "ಕಡಲ ಕಡೆ ಇಷ್ಟು ಕಾವಲು. ಹಾಗಾದರೆ ಬೆನ್ನ ಹಿಂದೆ, ಘಟ್ಟದ ಮೇಲೆ?" ಕೆಳದಿಯ ಕತೆಗೆ ಬಾಗಿಲು ಇಲ್ಲೇ ತೆರೆಯುತ್ತದೆ.

ಇದರಲ್ಲೂ ಒಂದು ಕೊರತೆ ಇದೆ. ಕೊಂಡಿಗಳು ಮಾತ್ರ ಇದ್ದರೆ ಪ್ರತಿ ಭಾಗವೂ ಚೆನ್ನಾಗಿ ಹೋಗುತ್ತದೆ, ಆದರೆ ವಿಡಿಯೋ ಎತ್ತ ಸಾಗುತ್ತಿದೆ ಅಂತ ತಿಳಿಯುವುದಿಲ್ಲ. ಶಿರಸಿಯ ಗೆಳತಿ ಆರನೇ ನಿಮಿಷದಲ್ಲಿ, "ಇದು ಕೋಟೆಯ ವಿಡಿಯೋನಾ, ರಾಣಿಯದಾ?" ಅಂತ ಕೇಳಿದಳು. ಅದಕ್ಕೇ ನನ್ನ ಆಯ್ಕೆ ಮೂರನೆಯದೇ, ಆದರೆ ಮೊದಲನೆಯದರ ದೊಡ್ಡ ಪ್ರಶ್ನೆಯನ್ನು ಮೇಲೆ ಇಟ್ಟುಕೊಂಡು. ಆ ದೊಡ್ಡ ಪ್ರಶ್ನೆಗೆ ಐದನೇ ನಿಮಿಷದ ಹೊತ್ತಿಗೆ ಅರ್ಧ ಉತ್ತರ ಕೊಡಿ: "ಸೋಲು ಕಡಲಿನಿಂದ ಬರಲಿಲ್ಲ, ಘಟ್ಟದ ಕಡೆಯಿಂದ ಬಂತು." ಯಾರು, ಹೇಗೆ ಅನ್ನುವುದು ಉಳಿದಿರುತ್ತದೆ, ಕಾದವರಿಗೂ ಏನೋ ಸಿಕ್ಕಿರುತ್ತದೆ. ಒಂದೇ ಹೊತ್ತಿಗೆ ಒಂದು ದೊಡ್ಡದು, ಒಂದು ಸಣ್ಣದು, ಎರಡೇ ಪ್ರಶ್ನೆ ತೆರೆದಿರಲಿ. ಮೂರನೆಯದು ಬಂದರೆ ಕೇಳುವವರು ಮೊದಲಿನದನ್ನು ಮರೆಯುತ್ತಾರೆ.

ಇನ್ನೊಂದು ವಿಷಯ, ಸಣ್ಣದಾದರೂ ಬಹಳ ಕೆಲಸಕ್ಕೆ ಬರುತ್ತದೆ. ಉತ್ತರ ಕೊಟ್ಟ ಒಂದೆರಡು ವಾಕ್ಯದೊಳಗೆ ಮುಂದಿನ ಪ್ರಶ್ನೆ ಬರಲಿ. ನಡುವೆ ಸಂಗೀತ, ಡ್ರೋನ್ ದೃಶ್ಯ, ಶೀರ್ಷಿಕೆ ಹಾಕಿದರೆ ಅದೇ ಎದ್ದು ಹೋಗಲು ಸರಿಯಾದ ಹೊತ್ತು. ದೃಶ್ಯ ಬೇಕೇ ಬೇಕಾದರೆ ಪ್ರಶ್ನೆ ಕೇಳಿದ ಮೇಲೆ ಹಾಕಿ.

ಶೂಟಿಂಗ್‌ಗೆ ಮುಂಚೆ ಸ್ಕ್ರಿಪ್ಟನ್ನು ಯಾರಿಗಾದರೂ ಓದಿ ಹೇಳಿ. ಪ್ರತಿ ಭಾಗದ ಕೊನೆಗೆ ನಿಲ್ಲಿಸಿ, "ಈಗ ನಿಂಗೆ ಏನು ತಿಳ್ಕೊಬೇಕು ಅನಿಸ್ತಿದೆ?" ಅಂತ ಕೇಳಿ. ನಿಮ್ಮ ಮುಂದಿನ ಸಾಲನ್ನೇ ಅವರು ಕೇಳಿದರೆ ಕೊಂಡಿ ಸರಿಯಾಗಿದೆ. "ಏನಿಲ್ಲ, ಮುಂದೆ ಓದು" ಅಂದರೆ ಆ ಜಾಗವನ್ನು ಮತ್ತೆ ಬರೆಯಿರಿ. ವಿಡಿಯೋ ಹಾಕಿದ ಮೇಲೆ ಗ್ರಾಫಿನಲ್ಲಿ ಒಟ್ಟು ಶೇಕಡಾವಾರು ಬಿಟ್ಟು, ಕೊಂಡಿ ಪ್ರಶ್ನೆ ಬರುವ ನಿಮಿಷ, ಸೆಕೆಂಡಿನ ಹತ್ತಿರ ಗೆರೆ ಹೇಗೆ ಬಾಗಿದೆ ಅಂತ ನೋಡಿ.