ಅತಿಥಿಯ ಹೆಸರೋ, ವಿಷಯದ ಸೆಳೆತವೋ?

ಎರಡು ಪಾಡ್‌ಕಾಸ್ಟ್ ಸಂಚಿಕೆಗಳಿವೆ ಎಂದುಕೊಳ್ಳಿ. ಒಂದರಲ್ಲಿ ಜನಪ್ರಿಯ ನಟ ಬಾಲ್ಯದ ಬಗ್ಗೆ ಮಾತಾಡಿದ್ದಾರೆ: 2 ಲಕ್ಷ ವೀಕ್ಷಣೆ. ಇನ್ನೊಂದರಲ್ಲಿ ಅಷ್ಟೇನೂ ಹೆಸರಿಲ್ಲದ ವೈದ್ಯೆ ಮಧುಮೇಹದ ಬಗ್ಗೆ ಹೇಳಿದ್ದಾರೆ: 60 ಸಾವಿರ. ಮುಂದಿನ ಸಂಚಿಕೆಗೆ ಯಾವ ದಾರಿ ಹಿಡಿಯಬೇಕು? ಒಟ್ಟು ಲೆಕ್ಕ ಇದನ್ನು ಹೇಳುವುದಿಲ್ಲ.

ಯೂಟ್ಯೂಬ್ ಸ್ಟುಡಿಯೋದಲ್ಲಿ ವೀಕ್ಷಕರು ಎಲ್ಲಿಂದ ಬಂದರೆಂದು ನೋಡಿ. ನಟನ ಸಂಚಿಕೆಗೆ ಬಹುಪಾಲು ಜನ ಅವರ ಹೆಸರನ್ನೇ ಹುಡುಕಿ, ಇಲ್ಲವೇ ಅವರು ಇನ್‌ಸ್ಟಾಗ್ರಾಂನಲ್ಲಿ ಹಾಕಿದ ಲಿಂಕ್ ಒತ್ತಿ ಬಂದಿದ್ದರೆ ಆ ವೀಕ್ಷಣೆ ಅವರ ಅಭಿಮಾನಿಗಳದ್ದು. ವೈದ್ಯೆಯ ಸಂಚಿಕೆಗೆ ‘ಶುಗರ್ ಇದ್ದವರು ಅನ್ನ ತಿನ್ನಬಹುದಾ’ ಎಂಬಂಥ ಹುಡುಕಾಟದಿಂದ ಬಂದಿದ್ದರೆ ಅದು ವಿಷಯದ ಗಳಿಕೆ. ಹೋಂ ಪೇಜಿನಿಂದ ಬಂದವರನ್ನು ಮಾತ್ರ ಹೀಗೆ ವಿಂಗಡಿಸಲಾಗದು. ಅವರು ಥಂಬ್‌ನೇಲ್‌ನ ಮುಖ ನೋಡಿ ಒತ್ತಿದರೋ, ಶೀರ್ಷಿಕೆ ಓದಿ ಒತ್ತಿದರೋ ಗೊತ್ತಾಗುವುದಿಲ್ಲ.

ಆಗ ದಿನವಾರು ವೀಕ್ಷಣೆಯ ಗ್ರಾಫ್ ನೆರವಿಗೆ ಬರುತ್ತದೆ. ಎರಡೂ ಸಂಚಿಕೆಗಳನ್ನು ಪ್ರಕಟವಾದ ದಿನದಿಂದ ಸಮಾನ ಅವಧಿಗೆ, ಉದಾಹರಣೆಗೆ 28 ದಿನಕ್ಕೆ, ಹೋಲಿಸಿ. ಅಭಿಮಾನಿಗಳ ಅಲೆ ಸಾಮಾನ್ಯವಾಗಿ ಮೊದಲೆರಡು ದಿನ ಏರಿ ಇಳಿಯುತ್ತದೆ. ಜನ ಸದಾ ಹುಡುಕುವ ವಿಷಯ ನಿಧಾನವಾಗಿ ಓಡುತ್ತಲೇ ಇರುತ್ತದೆ. ಆದರೆ ನಟನ ಸಿನಿಮಾ ಅದೇ ವಾರ ಬಿಡುಗಡೆಯಾಗಿದ್ದರೆ ಆ ಏರಿಕೆಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ನನ್ನ ಆಯ್ಕೆ ಮಧುಮೇಹವೇ, ಆದರೆ ಬೇರೆ ವೈದ್ಯರೊಂದಿಗೆ. ವೀಕ್ಷಣೆ ಹೆಚ್ಚುಕಡಿಮೆ ಅಷ್ಟೇ ಬಂದರೆ ಎಳೆದದ್ದು ವಿಷಯ. ತೀರಾ ಕುಸಿದರೆ ಮೊದಲ ವೈದ್ಯೆಯ ಮಾತಿನ ಶೈಲಿಗೂ ಪಾಲಿತ್ತು. ಅವರನ್ನೇ ಇನ್ನೊಂದು ವಿಷಯಕ್ಕೆ ಕರೆದು ನೋಡಬೇಕು.