ರೈನ್‌ಕೋಟ್ ತೊಡಿಸೋಕೆ ಎಐ ಆಪೋ, ಜಿಂಪೋ? ನನ್ನ ಓಟು ಜಿಂಪ್‌ಗೆ

ಫೋಟೊದಲ್ಲಿ ಬಟ್ಟೆ ಬದಲಿಸುವ ಎಐ ಆಪ್ ಒಂದಕ್ಕೆ ತಿಂಗಳ ದುಡ್ಡು ಕಟ್ಟಿದ್ದೆ. ಇನ್ನು ಕಟ್ಟುವುದಿಲ್ಲ, ಫೋಟೊ ತಿದ್ದುವ ಉಚಿತ ಸಾಫ್ಟ್‌ವೇರ್ ಜಿಂಪ್ ನನಗೆ ಸಾಕು.

ಕೆಲಸ ಇಷ್ಟೇ. ಮಂಡ್ಯದ ಪೇಟೆ ಬೀದಿಯಲ್ಲಿ ಗೆಳೆಯನ ಅಂಗಡಿ ಇದೆ. ಶಾಲೆ ಶುರುವಾಗುವ ಮುಂಚೆ ರೈನ್‌ಕೋಟ್ ಬ್ಯಾನರ್ ಬೇಕಿತ್ತು. ಅವನ ಮಗನ ಚಂದದ ಫೋಟೊ ಇತ್ತು, ಆದರೆ ಏಪ್ರಿಲ್ ಬಿಸಿಲಲ್ಲಿ ನಾಲೆ ಏರಿ ಮೇಲೆ ತೆಗೆದದ್ದು. ಹುಡುಗ ರಜೆಗೆ ಅಜ್ಜಿ ಊರಿಗೆ ಹೋಗಿಬಿಟ್ಟಿದ್ದ. ಮಳೆ ಬರಲಿ ಅಂತ ಕಾಯೋಣ ಅಂದರೆ ಮಂಡ್ಯಕ್ಕೆ ಜೋರು ಮಳೆ ಬರುವುದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ.

ಆಪ್ ಅರೆಗಳಿಗೆಯಲ್ಲಿ ನೀಲಿ ಕೋಟು ತೊಡಿಸಿತು. ತೊಂದರೆ ಹೊಳಪಿನದು. ಎಣ್ಣೆ ಸವರಿದ ಬದನೆಕಾಯಿ ಹಾಗೆ ಇಡೀ ಕೋಟು ಮಿರಮಿರ. ಮಳೆಯಲ್ಲಿ ಬೆಳಕು ಮೋಡದಿಂದ, ಅಂದರೆ ಮೇಲಿನಿಂದ ಬರುತ್ತದೆ, ಅಲ್ವಾ? ಹಾಗಾಗಿ ಟೋಪಿಯ ನೆತ್ತಿ, ಭುಜ, ತೋಳಿನ ಮಡಿಕೆಯ ಮೇಲ್ಭಾಗದಲ್ಲಿ ಅಗಲವಾದ, ಮಂದವಾದ ಬಿಳಿ ಹೊಳಪು ಇರಬೇಕು. ಮಡಿಕೆಯ ಕೆಳಗೆ ಕಪ್ಪಗಿರಬೇಕು. ಆಪ್ ಕಂಕುಳಲ್ಲೂ ಚೂಪಾದ ಬೆಳ್ಳಿ ಗೆರೆ ಎಳೆದಿತ್ತು. ಕೋಟಿನಿಂದ ನೀರು ಸುರಿಯುತ್ತಿದ್ದರೂ ಕೆಳಗಿನ ಹತ್ತಿ ಪ್ಯಾಂಟು ಇಸ್ತ್ರಿ ಮಾಡಿದಂತೆ ಒಣಗಿತ್ತು. ಗಲ್ಲದ ಕೆಳಗೆ ಬಿಸಿಲಿನ ನೆರಳು ಹಾಗೇ ಉಳಿದಿತ್ತು. ಮೋಡದ ಬೆಳಕು, ಒದ್ದೆ ರಸ್ತೆ ಅಂತೆಲ್ಲ ಬರೆದು ಕೇಳಿದರೆ ಸ್ವಲ್ಪ ಸುಧಾರಿಸಿತು, ಆದರೆ ಪ್ರತಿ ಸಲ ಗುಂಡಿಗಳ ಲೆಕ್ಕ ಬದಲು. ಅಂಗಡಿಯಲ್ಲಿ ಇಲ್ಲದ ಕೋಟನ್ನು ಬ್ಯಾನರ್‌ನಲ್ಲಿ ತೋರಿಸುವುದು ಹೇಗೆ?

ಕೊನೆಗೆ ಅಂಗಡಿಯ ಕೋಟನ್ನೇ ಪಕ್ಕದ ಮನೆಯ ಅಷ್ಟೇ ಎತ್ತರದ ಹುಡುಗನಿಗೆ ತೊಡಿಸಿದೆ. ನೆರಳಿನಲ್ಲಿ, ಹಳೆಯ ಫೋಟೊದಂತೆಯೇ ನಿಲ್ಲಿಸಿದೆ. ಅರ್ಧ ನೀರು, ಅರ್ಧ ಗ್ಲಿಸರಿನ್ ಸೇರಿಸಿ ಭುಜದ ಮೇಲೆ ಸ್ಪ್ರೇ ಮಾಡಿದರೆ ಹನಿಗಳು ಬೇಗ ಜಾರುವುದಿಲ್ಲ. ಆ ಕೋಟನ್ನು ಜಿಂಪ್‌ನಲ್ಲಿ ಕತ್ತರಿಸಿ ಕೂರಿಸಿದೆ. ಹೊಳಪು ನಿಜದ್ದೇ ಆದ್ದರಿಂದ ಅದಕ್ಕೆ ಕೈ ಹಾಕಲೇ ಇಲ್ಲ.

ಮಿಕ್ಕಿದ್ದು ಸುತ್ತಲಿನ ಕೆಲಸ. ಪ್ಲಾಸ್ಟಿಕ್ ನೀರು ಕುಡಿಯುವುದಿಲ್ಲ, ಅದರ ಬಣ್ಣ ಬದಲಾಗದು. ಹತ್ತಿ, ಮಣ್ಣು ನೀರು ಕುಡಿದು ಕಪ್ಪಗಾಗುತ್ತವೆ. ಅದಕ್ಕೇ ಪ್ಯಾಂಟಿನ ಮೊಣಕಾಲ ಕೆಳಭಾಗವನ್ನೂ ಏರಿಯ ಮಣ್ಣನ್ನೂ ಜಿಂಪ್‌ನಲ್ಲಿ ಬೆಳಕು ಹೆಚ್ಚು ಕಡಿಮೆ ಮಾಡುವ ಕರ್ವ್ಸ್‌ನಿಂದ ಗಾಢ ಮಾಡಿದೆ. ನೆಲದ ಮೇಲಿನ ನೆರಳು ಅಳಿಸಿ, ಹುಡುಗನ ಚಿತ್ರದ ಇನ್ನೊಂದು ಪ್ರತಿಯನ್ನು ಬೇರೆ ಲೇಯರಿನಲ್ಲಿ ತಲೆಕೆಳಗು ಮಾಡಿ, ಮಬ್ಬಾಗಿಸಿ, ಕಾಲ ಕೆಳಗೆ ನೀರು ನಿಂತಂತೆ ತೋರಬೇಕಾದ ಜಾಗದಲ್ಲಿ ಮಾತ್ರ ಪ್ರತಿಬಿಂಬದಂತೆ ಕಾಣುವ ಹಾಗೆ ಇಟ್ಟೆ. ಜಾಸ್ತಿ ಹೊತ್ತು ತಿಂದದ್ದು ಗಲ್ಲದ ಕೆಳಗಿನ ನೆರಳು. ಅದನ್ನು ತೆಳು ಮಾಡುವಾಗ ಚರ್ಮ ಬೂದಿ ಬಣ್ಣಕ್ಕೆ ತಿರುಗುತ್ತದೆ, ಕೆನ್ನೆಯ ಬಣ್ಣವನ್ನೇ ಮತ್ತೆ ತೆಳ್ಳಗೆ ಸವರಬೇಕು.

ವೇಗಕ್ಕೆ ಆಪ್ ಗೆದ್ದಿತು, ಸುಳ್ಳು ಹೇಳಲ್ಲ. ವಾಟ್ಸಾಪ್ ಸ್ಟೇಟಸ್‌ಗೆ ಸಾಕು. ಆದರೆ ಹತ್ತಡಿ ಬ್ಯಾನರ್‌ನಲ್ಲಿ ಕಂಕುಳ ಹೊಳಪೂ ಎದ್ದು ಕಾಣುತ್ತದೆ. ಜಿಂಪ್‌ಗೆ ದುಡ್ಡು ಕೊಡಬೇಕಿಲ್ಲ, ನನ್ನ ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಊಟ ಆದ ಮೇಲೆ ಕೂತು ಇಂಥದ್ದು ಕೆದಕುವ ಚಟ ಹೇಗೂ ನನಗಿದೆ. ನಿಮಗೆ ಅಷ್ಟು ತಾಳ್ಮೆ ಇಲ್ಲದಿದ್ದರೆ ಸುಮ್ನೆ ಆಪ್‌ನಲ್ಲೇ ಮಾಡಿ, ಆದರೆ ಬಿಸಿಲಿನ ಫೋಟೊ ಕೊಡಬೇಡಿ. ಮೋಡ ಕವಿದ ದಿನ ತೆಗೆದದ್ದು ಕೊಡಿ.